ಮಗಳ ಕೆನ್ನೆಯ ಮಚ್ಚೆ

ಮನೆಯವರ ಗ್ರೂಪ್ ಫೋಟೋಗೆ ಬರಲಾಗದ ಮಗಳನ್ನು ಅದರಲ್ಲಿ ಸೇರಿಸಿಕೊಡಲು ತಾಯಿ ಫೋಟೋ ಸ್ಟುಡಿಯೋದವಳನ್ನು ಕೇಳಿದ್ದರು. ಮಗಳ ಫೋಟೋ ಬಲ್ಬಿನ ಹಳದಿ ಬೆಳಕಿನದು. ಮನೆಯವರದು ಗೋಡೆಯ ನೆರಳಿನಲ್ಲಿ ತೆಗೆದದ್ದು, ನೀಲಿ ಛಾಯೆ. ಸ್ಟುಡಿಯೋದವಳು ಹಳದಿ ತಗ್ಗಿಸಿ ಬಣ್ಣವನ್ನೇನೋ ಹೊಂದಿಸಿದಳು. ಆದರೆ ಮಗಳ ಮೇಲೆ ಬೆಳಕು ಎಡದಿಂದ, ಉಳಿದವರ ಮೇಲೆ ಬಲದಿಂದ! ಮಗಳನ್ನು ಕನ್ನಡಿಯೊಳಗಿನ ಬಿಂಬದಂತೆ ತಿರುಗಿಸಿಬಿಟ್ಟಳು.

“ಇವಳ್ಯಾರಮ್ಮಾ? ನನ್ನ ಮಗಳಿಗೆ ಮಚ್ಚೆ ಇರೋದು ಎಡಗೆನ್ನೇಲಿ,” ಎಂದರು ತಾಯಿ.

ಸ್ಟುಡಿಯೋದವಳು ಮಗಳನ್ನು ಮೊದಲಿನಂತೆ ಮಾಡಿ, ಉಳಿದವರನ್ನೆಲ್ಲ ತಿರುಗಿಸಿದಳು. ಬೆಳಕು ಕೂಡಿಬಂತು.

“ನಾನ್ಯಾವಾಗ ಬಲಗೈಗೆ ವಾಚ್ ಕಟ್ಟಿದ್ದೆ?” ಎಂದು ಪಕ್ಕದಲ್ಲಿದ್ದ ತಂದೆ ಕಣ್ಣು ಕಣ್ಣು ಬಿಟ್ಟರು.

ಯಾರನ್ನು ಎತ್ತ ತಿರುಗಿಸಬೇಕೆಂದು ತೋಚದೆ ಅವಳು ಮೌಸ್ ಹಿಡಿದು ಕೂತಳು.

“ನೀನು ಹೀಗೇ ಪ್ರಿಂಟ್ ಹಾಕಮ್ಮ,” ಎಂದರು ತಾಯಿ. “ಇವರನ್ನ ದಿನಾ ನೋಡ್ತೀನಲ್ಲ.”