ಕೌಸಲ್ಯೆಗೆ ಬಂದ ಸ್ಕಾಲರ್‌ಶಿಪ್ಪು

ಕೌಸಲ್ಯೆಗೆ ಸ್ಕಾಲರ್‌ಶಿಪ್ಪಿನ ಹಣ ಬಂದ ದಿನ ಉಮಾಮಹೇಶ್ವರಿಗೆ ಹಾಸ್ಟೆಲಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮಂಜೂರಾತಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು, ಉಮಾಳದೇ ಮೇಲೆ. ಆದರೆ ಈಗ ಅವಳ ಕೋಣೆಯವಳೇ ಆದ ಅಮೃತೂರಿನ ಕೌಸಲ್ಯೆ ಊಟದ ಬಾಕಿ ತೀರಿಸಿ, ಕನಕಾಂಬರ ಮುಡಿದು ತುಮಕೂರಿನಲ್ಲಿ ಓಡಾಡುತ್ತಿದ್ದಳು. ಗುಬ್ಬಿಯಿಂದ ಉಮಾಳ ಅಪ್ಪ ಬರೆದಿದ್ದರು: ದೀಪಾವಳಿಯೊಳಗೆ ಹಣ ಬಾರದಿದ್ದರೆ ಕಾಲೇಜು ಬಿಟ್ಟು ಬಾ.

"ನೀನೂ ಒಂದು ಅರ್ಜಿ ಹಾಕೇ. ಸುಮ್ನೆ ಕೂತ್ರೆ ಬರುತ್ತಾ?" ಎಂದಳು ಕೌಸಲ್ಯೆ.

"ಬಂದೋರಿಗೆ ಉಪದೇಶ ಸುಲಭ ಕಣೇ."

ಅಂದೇ ಉಮಾ ಬೆಂಗಳೂರಿನ ವಿದ್ಯಾ ಇಲಾಖೆಗೆ ಅರ್ಜಿ ಬರೆದಳು. ಅದು ಪ್ರಿನ್ಸಿಪಾಲರ ಮುಖಾಂತರವೇ ಹೋಗಬೇಕಾದ್ದರಿಂದ ಕಾಲೇಜು ಆಫೀಸಿಗೆ ಕೊಟ್ಟಳು. ಗುಮಾಸ್ತ ಸೀತಾರಾಮಯ್ಯನವರು ಕನ್ನಡಕ ಏರಿಸಿ ಓದಿದರು. "ಏನಮ್ಮಾ ಇದು? ಕೌಸಲ್ಯ, ಕೌಸಲ್ಯ, ಕೌಸಲ್ಯ! ಅವಳ ಹಣ ನಿಲ್ಸಿ ಅಂತ ಕೇಳ್ತಿದೀಯೋ, ನಿನ್ನದು ಕೊಡಿ ಅಂತಲೋ?"

ಅರ್ಜಿಯನ್ನು ಉಮಾಳ ಕೈಗೇ ವಾಪಸು ಕೊಟ್ಟು ಕೇಳಿದರು:

"ಸ್ಕಾಲರ್‌ಶಿಪ್ಪಿಗೆ ಹಾಕೋವಾಗ ಯಾವ ಕಾಲೇಜು ಬರ್ದಿದ್ದೆ?"

"ಬೆಂಗಳೂರಿಂದು. ಆಮೇಲೆ ಅಪ್ಪ ಅಷ್ಟು ದೂರ ಬೇಡ ಅಂದ್ರು."

"ಇಲ್ಲಿಗೆ ಸೇರಿದೀನಿ ಅಂತ ಇಲಾಖೆಗೆ ತಿಳಿಸಿದ್ಯಾ?"

ತಿಳಿಸಿರಲಿಲ್ಲ. ಜುಲೈನಲ್ಲಿ ಕೌಸಲ್ಯೆ ನೆನಪಿಸಿದಾಗ, ದೊಡ್ಡಕ್ಕನ ಹಾಗೆ ಹೇಳಲು ಬಂದಳೆಂದು ಉಮಾ ಬೇಕೆಂತಲೇ ಬಿಟ್ಟಿದ್ದಳು. ಉಮಾಳ ಹಣ ಬೆಂಗಳೂರಿನ ಆ ಕಾಲೇಜಿನ ಲೆಕ್ಕಕ್ಕೆ ಹೋಗಿ ಅಲ್ಲೇ ಕೂತಿತ್ತು.

"ಹೊಸದಾಗಿ ಬರಿ. ಮಂಜೂರಾತಿ ನಂಬರು, ತಾರೀಕು, ಇಲ್ಲಿ ಸೇರಿದ ದಿನ ಹಾಕು. ಹಣ ಈ ಕಾಲೇಜಿಗೆ ವರ್ಗಾಯಿಸಿ ಅಂತ ಕೇಳು. ಸೇರಿದ್ದಕ್ಕೆ ಸರ್ಟಿಫಿಕೇಟು ಪ್ರಿನ್ಸಿಪಾಲರು ಕೊಡ್ತಾರೆ. ಆ ಕಾಲೇಜಿನಿಂದ ಮಾತ್ರ, ಇವಳು ಇಲ್ಲಿ ಸೇರಿಲ್ಲ, ಹಣ ತಗೊಂಡಿಲ್ಲ ಅಂತ ಬರೆಸ್ಕೊಂಡು ಬರ್ಬೇಕು. ಬೆಂಗಳೂರಲ್ಲಿ ಯಾರಾದ್ರೂ ಇದಾರಾ?"

ಉಮಾಳ ಕಡೆಯವರು ಯಾರೂ ಇರಲಿಲ್ಲ. ಕೌಸಲ್ಯೆಯ ಸೋದರಮಾವ ಇದ್ದರು.

ಹೊಸ ಅರ್ಜಿಯಲ್ಲಿ ಕೌಸಲ್ಯೆಯ ಹೆಸರಿರಲಿಲ್ಲ. ತನ್ನ ಅಂಕಗಳ ಕೆಳಗೆ ಮಾತ್ರ ಉಮಾ ಗೆರೆ ಎಳೆದಳು. ಪ್ರಿನ್ಸಿಪಾಲರು ಸಹಿ ಹಾಕಿದರು. ಬೆಂಗಳೂರಿನ ಕಾಗದ ಬಂದೊಡನೆ ಎಲ್ಲವನ್ನೂ ಒಟ್ಟಿಗೆ ಕಳಿಸುವುದಾಗಿ ಗುಮಾಸ್ತರು ಹೇಳಿದರು.

ಕೋಣೆಯಲ್ಲಿ ಕೌಸಲ್ಯೆ ಜಡೆ ಹೆಣೆಯುತ್ತಿದ್ದಳು. ಉಮಾ ಬಾಗಿಲಲ್ಲೇ ನಿಂತು, "ನಿಮ್ಮ ಮಾವ ಆ ಕಾಲೇಜಿಗೆ ಒಂದ್ಸಲ ಹೋಗಿ ಬರ್ತಾರಾ?" ಎಂದಳು.

"ಉಪದೇಶ ಬೇಡ, ಮಾವ ಬೇಕು!" ಕೌಸಲ್ಯೆ ನಕ್ಕಳು. "ಹೋಗ್ತಾರೆ ಬಿಡೇ, ಅವರ ಆಫೀಸಿಗೆ ಅದೇ ದಾರಿ."

ಅವಳು ಆಗಲೇ ಅಂಚೆ ಕಾರ್ಡು ತೆಗೆದು ಮಾವನಿಗೆ ಬರೆದಳು. ಅಕ್ಷರ ಮುತ್ತಿನಂತಿತ್ತು. ಅದನ್ನು ನೋಡಿಯೂ ಉಮಾಳ ಹೊಟ್ಟೆ ಉರಿಯಿತು. ಆದರೂ ಕಾರ್ಡನ್ನು ಕೈಯಿಂದ ಕಿತ್ತುಕೊಂಡು, ಟಪಾಲು ಎತ್ತುವ ಮೊದಲೇ ಡಬ್ಬಿಗೆ ಹಾಕಲು ಓಡಿದಳು.