ಒಂದು ಪದರದ ಬೆಳಕು

ಸಂಜೆ ಐದಕ್ಕೆ ಫೆಲೋಶಿಪ್ ಅರ್ಜಿ ಮುಚ್ಚುತ್ತೆ. ಗಡಿಯಾರದಲ್ಲಿ ಆಗಲೇ ಮೂರೂ ಕಾಲು. ನನ್ನ ವಯಸ್ಸಿನ ಮಿತಿಗೆ ಇದೇ ಕೊನೇ ವರ್ಷ. ಈ ಸಲ ತಪ್ಪಿದರೆ ಕೊಳ್ಳೇಗಾಲದ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗೇ ಉಳೀಬೇಕು, ನನ್ನ ಪಿಎಚ್‌ಡಿ ಆಸೆ ಮುಗಿದಂಗೆ.

ಇಷ್ಟೆಲ್ಲ ನಿಂತಿರೋದು ಒಂದು ಪ್ಯಾರಾದ ಮೇಲೆ. ಮಾಲಿಬ್ಡಿನಂ ಡೈಸಲ್ಫೈಡ್ ಅನ್ನೋ ಕಪ್ಪು ಹರಳನ್ನ ಅಂಟುಪಟ್ಟಿಯಿಂದ ಮತ್ತೆ ಮತ್ತೆ ಸಿಪ್ಪೆ ತೆಗೆದಂಗೆ ಎಬ್ಬಿಸ್ತೀನಿ, ದಪ್ಪ ಕಡಿಮೆಯಾದಂತೆ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯೋಕೆ ಬೇಕಾದ ಶಕ್ತಿ, ಎಷ್ಟು ಏರುತ್ತೆ ಅಂತ ಅಳೀತೀನಿ ಅಂತ ಅದರಲ್ಲಿ ಬರೆದಿದ್ದೆ. ದಪ್ಪ ಹರಳಲ್ಲಿ ಅದು ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್, ಬೆಳಕು ಕೊಡೋದರಲ್ಲಿ ಮಹಾ ಜಿಪುಣ. ಒಂದೇ ಪದರ ಉಳಿದಾಗ 1.9ರ ಹತ್ತಿರ ಹೋಗಿ, ಹಸಿರು ಲೇಸರ್ ಬಿದ್ದರೆ ಕೆಂಪಾಗಿ ಬೆಳಗುತ್ತೆ. ಪ್ಯಾರಾದ ಕೊನೇ ಸಾಲು ನನ್ನ ಹೆಮ್ಮೆ: 'ಪ್ರಾಥಮಿಕ ಅಳತೆಯಲ್ಲಿ ಒಂದು ಪದರದ ಈ ಬೆಳಕು ಈಗಾಗಲೇ ಸಿಕ್ಕಿದೆ.' ಮೈಸೂರಿನ ಒಂದು ಲ್ಯಾಬಲ್ಲಿ ಬೆಳಕು ಅಳೆಯೋ ಯಂತ್ರ ಒಂದು ಗಂಟೆ ಕೊಟ್ಟಿದ್ದರು, ಆಗ ಸಿಕ್ಕ ಅಳತೆ ಅದು. ನನ್ನ ಗೈಡ್ ಉದಯಕುಮಾರ್ ಸರ್, "ಆ ಸಾಲೇ ನಿಮ್ಮನ್ನ ದಡ ಸೇರಿಸೋದು ದಿವ್ಯಾ" ಅಂದಿದ್ದರು.

ಅರ್ಜಿಗೆ ಲ್ಯಾಬಿನ ಫೋಟೋ ಒಂದು ಹಾಕಬೇಕಿತ್ತು. ಮೊಬೈಲ್ ತೆಗೆದೆ. ಆಯುಧಪೂಜೆ ದಿನ ತೆಗೆದ ಚಿತ್ರ ಸಿಕ್ತು. ಮೈಕ್ರೋಸ್ಕೋಪಿನ ಹಣೇಲಿ ಮೂರು ಗೆರೆ ವಿಭೂತಿ, ಮೇಲೊಂದು ಕುಂಕುಮದ ಬೊಟ್ಟು. ಪಕ್ಕದಲ್ಲಿ ಆ ಪದರ ಅಂಟಿಸಿದ್ದ ನನ್ನ ಸಿಲಿಕಾನ್ ಚಿಪ್ ಇದ್ದ ಡಬ್ಬಿ, ಮುಚ್ಚಳ ತೆಗೆದಿತ್ತು. ಅದರ ಅಂಚಲ್ಲೂ ಕುಂಕುಮ!

ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ವಿಜಯದಶಮಿ ಕಳೆದ ಮಾರನೇ ದಿನವೇ ಆ ಚಿಪ್ ತಕೊಂಡು ಮೈಸೂರಿಗೆ ಹೋಗಿದ್ದೆ. ಪ್ಯಾಕೆಟ್ ಕುಂಕುಮದ ಬಣ್ಣಗಳಲ್ಲಿ ಕೆಲವು ಹಸಿರು ಬೆಳಕಿಗೆ ಕೆಂಪಾಗಿ ಮಿನುಗ್ತವೆ. ನನ್ನ ಅಳತೆಯ ಗ್ರಾಫಲ್ಲಿ ಬೆಳಕಿನ ಶಿಖರ ಇರಬೇಕಾದ್ದಕ್ಕಿಂತ ಅಗಲವಾಗಿತ್ತು, ಪಟ್ಟಿಯ ಅಂಟಿನ ಕಾಟ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಪಕ್ಕದಲ್ಲಿ ಹರಳಿಲ್ಲದ ಬರೀ ಸಿಲಿಕಾನ್ ಮೇಲೆ ಒಂದು ಸಲ ಅಳೆಯೋಕೆ ನನಗೇನು ರೋಗ ಬಂದಿತ್ತು?

ಅಟೆಂಡರ್ ಪುಟ್ಟಬಸಮ್ಮನ್ನ ಕರೆದೆ. ಯಳಂದೂರಿಂದ ದಿನಾ ಬಸ್ಸಲ್ಲಿ ಬರೋ ಹೆಂಗಸು. ಲ್ಯಾಬಿಗೆ ಪೂಜೆ ಮಾಡೋದು ಆಕೆಯೇ.

"ಪುಟ್ಟಬಸಮ್ಮ, ಈ ಡಬ್ಬೀಗೆ ಕುಂಕುಮ ಇಟ್ಟಿದ್ರಾ?"

"ಊ ಕಣವ್ವ. ಅದನ್ನೇ ಮೈಸೂರ್ಗೆ ತಕಂಡ್ ಓಯ್ತೀನಿ ಅಂದ್ರಲ್ಲ. ನಿಮ್ಗೆ ಒಳ್ಳೇದಾಗ್ಲಿ ಅಂತ ಅದ್ಕೆ ಒಂದ್ ಚಿಟ್ಕೆ ಜಾಸ್ತಿನೇ ಆಕ್ದೆ."

ಬೈಯಬೇಕು ಅನ್ನಿಸಿತು. ಆದರೆ ಮುಚ್ಚಳ ತೆಗೆದಿಟ್ಟವಳು ನಾನೇ ಅಲ್ಲವೇ?

ಪಾಠಕ್ಕೆ ಇಟ್ಟಿದ್ದ ಹಸಿರು ಲೇಸರ್, ಒಂದು ಕೆಂಪು ಗಾಜು ತಂದೆ. ಕಿಟಕಿ ಮುಚ್ಚಿಸಿದೆ. ಕೆಂಪು ಗಾಜು ಹಸಿರನ್ನ ತಡೆಯುತ್ತೆ, ಮಿನುಗಿದ್ದಷ್ಟೇ ಕಣ್ಣಿಗೆ ಬರುತ್ತೆ. ಒಂದು ಪದರದ ಬೆಳಕು ಬರಿಗಣ್ಣಿಗೆ ಕಾಣೋವಷ್ಟು ಇರಲ್ಲ, ಕಂಡರೆ ಅದು ಕುಂಕುಮವೇ. ಮೊದಲು ಬಳಸದ ಹೊಸ ಚಿಪ್ ಒಂದನ್ನ ಇಟ್ಟೆ. ಕತ್ತಲು. ಆಮೇಲೆ ನನ್ನದು ಇಟ್ಟೆ. ದೇವರೇ, ಕಾಣದಿರಲಿ, ಕಾಣದಿರಲಿ ಅಂತ ಮನಸ್ಸಲ್ಲೇ ಬೇಡಿಕೊಂಡೆ.

ಹರಳೇ ಇಲ್ಲದ ಮೂಲೆಯಲ್ಲಿ ಕೆಂಡದ ಚೂರಿನಂಗೆ ನಾಲ್ಕೈದು ಚುಕ್ಕಿ ಹೊಳೆದವು.

ಗೈಡಿಗೆ ಫೋನ್ ಮಾಡಿದೆ. ನಾಲ್ಕೂವರೆ ಆಗಿತ್ತು. "ಸರ್, ಆ ಬೆಳಕು ಪದರದ್ದೋ ಕುಂಕುಮದ್ದೋ ಹೇಳೋಕಾಗಲ್ಲ."

"ಆ ಸಾಲು ತೆಗೆದ್ರೆ ನಿಮ್ಮದು ನೂರರ ಜೊತೆ ನೂರೊಂದನೇ ಅರ್ಜಿ ಆಗುತ್ತೆ, ಗೊತ್ತಲ್ಲ?" ಅಂದರು. "ಇದು ನಿಮಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತೀರ್ಮಾನ ನಿಮ್ಮದು." ಫೋನ್ ಇಟ್ಟರು.

ಸಾಲಿನ ಮೇಲೆ ಕರ್ಸರ್ ಮಿಟುಕುತ್ತಾ ಇತ್ತು. ಹಂಗೇ ಬಿಟ್ಟರೆ ಒಂದು ದಿನ ಸಂದರ್ಶನದಲ್ಲಿ ಯಾರೋ ಒಬ್ಬರು, "ಬರೀ ಸಿಲಿಕಾನ್ ಮೇಲೆ ಅಳೆದ್ರಾ?" ಅಂತಾರೆ. ಯಾರೂ ಕೇಳದಿದ್ದರೆ ಇನ್ನೂ ಭಯ. ಆಗ ಐದು ವರ್ಷ ಆ ಕುಂಕುಮದ ಮೇಲೇ ಮನೆ ಕಟ್ಟಬೇಕು. ಸಾಲು ಅಳಿಸಿದೆ. ಅದರ ಜಾಗದಲ್ಲಿ, 'ಪ್ರತಿ ಅಳತೆಗೂ ಮೊದಲು ಖಾಲಿ ಜಾಗವನ್ನು ಅಳೆಯಲಾಗುವುದು, ಪದರದ ದಪ್ಪವನ್ನು ಬೇರೆ ವಿಧಾನದಿಂದ ಖಚಿತಪಡಿಸಲಾಗುವುದು' ಅಂತ ಬರೆದೆ. ಓದಿದರೆ ಸಪ್ಪೆ. ಅಳು ಬಂತು.

ಐದಕ್ಕೆ ನಾಲ್ಕು ನಿಮಿಷ ಇತ್ತು. ಪುಟ್ಟಬಸಮ್ಮ ಹತ್ತಿರ ಬಂದರು, ಬೆರಳ ತುದಿ ಕೆಂಪಾಗಿತ್ತು. "ಕಳ್ಸೋಕ್ ಮುಂಚೆ ಲ್ಯಾಪ್‌ಟಾಪ್‌ಗೆ ಒಂದ್ ಬೊಟ್ಟು ಇಡ್ಲಾ ಅವ್ವ?"

ಆ ಕೈ ಹಿಡಿದುಕೊಂಡೆ. ನಿಮ್ಮ ಕುಂಕುಮದಿಂದ ಏನಾಯ್ತು ಅಂತ ಹೇಳಿಬಿಡಲೇ ಅನ್ನಿಸಿತು, ಆಗಲಿಲ್ಲ.

"ಅದಕ್ಕೆ ಬೇಡ ಪುಟ್ಟಬಸಮ್ಮ, ನನಗಿಡಿ" ಅಂದೆ.

ಆಕೆ ಹಣೆಗೆ ಇಟ್ಟರು. ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿದೆ.