ಎರಡಕ್ಕಿಂತ ಚೂರು ಕಡಿಮೆ

ಹಾಲಿನ ಡೈರಿಯ ಲ್ಯಾಬಿನಲ್ಲಿದ್ದ ಕೆಮಿಸ್ಟನನ್ನು ಹಾಲು ತರುವವರೆಲ್ಲ ರ‍್ಯಾಂಕ್ ಸಾಹೇಬ ಅಂತಲೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ರ‍್ಯಾಂಕ್ ಬಂದವನಂತೆ. ಅದನ್ನು ಅವನೇ ಹೇಳಿಕೊಂಡಿದ್ದ, ಅದೂ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ. ಬಾಯಿಬಿಟ್ಟು ಹೇಳಿಕೊಂಡ ಮೇಲೆ ಜನ ಸುಮ್ಮನೆ ಬಿಡುತ್ತಾರೆಯೇ?

ಲ್ಯಾಬಿನಲ್ಲಿ ಹಾಲನ್ನು ತಣಿಸಿ ಮಂಜುಗಡ್ಡೆ ಮಾಡಿ ನೋಡುವ ಒಂದು ಯಂತ್ರವಿತ್ತು. ಬರೀ ನೀರು ಸೊನ್ನೆ ಡಿಗ್ರಿಗೆ ಗಡ್ಡೆಯಾಗುತ್ತದೆ. ಹಾಲಿನಲ್ಲಿ ಸಕ್ಕರೆ, ಲವಣ ಕರಗಿರುವುದರಿಂದ ಅದು ಇನ್ನೂ ಅರ್ಧ ಡಿಗ್ರಿಯಷ್ಟು ಕೆಳಗಿಳಿದ ಮೇಲೇ ಗಡ್ಡೆ ಕಟ್ಟುವುದು. ನೀರು ಬೆರೆಸಿದರೆ ಅಂಕಿ ಸೊನ್ನೆಯ ಕಡೆಗೆ ಏರುತ್ತದೆ. ನೀರು ಬೆರೆಸಿ, ಅದನ್ನು ಮುಚ್ಚಿಡಲು ಉಪ್ಪು ಹಾಕುವ ಖದೀಮರೂ ಇದ್ದಾರೆ. ಅವರ ಕೈ ಮೀರಿ ಉಪ್ಪು ಹೆಚ್ಚಾದರೆ ಅಂಕಿ ತೀರಾ ಕೆಳಗಿಳಿಯುತ್ತದೆ. ಆದ್ದರಿಂದ ಮೈನಸ್ 0.510ರಿಂದ 0.560ರೊಳಗಿದ್ದರೆ ಸರಿ, ಮೇಲೇರಿದರೂ ತಪ್ಪು, ಕೆಳಗಿಳಿದರೂ ತಪ್ಪು. ಎರಡು ಸಲ ಸಿಕ್ಕಿಬಿದ್ದವರ, ಡೈರಿಗೆ ಹಾಲು ಹಾಕುವ ಕಾರ್ಡು ರದ್ದು. ಊರಿಗೆಲ್ಲ ಇದ್ದದ್ದು ಅದೊಂದೇ ಡೈರಿ.

ಯಂತ್ರಕ್ಕೆ ಲೆಕ್ಕ ಕಲಿಸಲು ಎರಡು ನೀರು ಬೇಕು. ಒಂದು ಶುದ್ಧ ನೀರು, ಇನ್ನೊಂದು ಇಷ್ಟೇ ಡಿಗ್ರಿಗೆ ಗಡ್ಡೆಯಾಗುತ್ತದೆ ಎಂದು ಖಚಿತವಾಗಿ ಗೊತ್ತಿರುವ ಉಪ್ಪುನೀರು. ಉಪ್ಪುನೀರು ಕಂಪನಿಯ ಬಾಟಲಿಯಲ್ಲಿ ಬರುತ್ತಿತ್ತು. ಆರು ತಿಂಗಳ ಹಿಂದೆ ಅದು ಮುಗಿಯಿತು.

"ಉಪ್ಪು, ನೀರು. ಅದಕ್ಕೂ ಹೊರಗಡೆಯಿಂದ ತರಿಸ್ಬೇಕಾ?" ಎಂದಿದ್ದರು ಮ್ಯಾನೇಜರ್. "ರ‍್ಯಾಂಕ್ ಬಂದೋರು ನೀವೇ ಇದೀರಲ್ಲ."

ಅಷ್ಟು ಸಾಕಾಯಿತು. ನಮ್ಮ ಸಾಹೇಬ ಕಾಗದ ತೆಗೆದ. ಉಪ್ಪಿನ ಒಂದೊಂದು ಜೋಡಿಯೂ ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ, ಆದ್ದರಿಂದ ಪರಿಣಾಮವೂ ಎರಡರಷ್ಟು. ಸೂತ್ರಕ್ಕೆ ಎರಡು ಎಂದು ಹಾಕಿ ಗುಣಿಸಿದ. ಮೈನಸ್ 0.557 ಬರಬೇಕಾದರೆ ಕಿಲೋ ನೀರಿಗೆ ಎಂಟೂಮುಕ್ಕಾಲು ಗ್ರಾಂ ಉಪ್ಪು. ಮಿಲಿಗ್ರಾಮೂ ಆಚೀಚೆಯಾಗದಂತೆ ತೂಗಿ ಕರಗಿಸಿ, ಬಾಟಲಿಗೆ ಮುದ್ದಾಗಿ ಚೀಟಿ ಬರೆದು ಅಂಟಿಸಿದ. ಪ್ರಯೋಗ ಮಾಡಿ ಅಳೆದ ಅಂಕಿಗಳ ಕೋಷ್ಟಕದ ಪುಸ್ತಕ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದು ನೋಡುವುದೆಂದರೆ ಅವನಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದಷ್ಟು ಅವಮಾನ.

ಮಾರನೆಯ ವಾರವೇ, ಡೈರಿಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಸಿಕ್ಕಿಬಿದ್ದಳು. ಆರು ಹಸು ಕಟ್ಟಿದ್ದವಳು, ಗಂಡ ಸತ್ತ ಮೇಲೆ ಒಬ್ಬಳೇ ಕರೆದು, ನಲವತ್ತು ಲೀಟರಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬರುತ್ತಿದ್ದವಳು. ಅವಳ ಹಾಲು ಮೈನಸ್ 0.571 ತೋರಿಸಿತು.

"ಉಪ್ಪು ಹಾಕಿದೀರ ಅಕ್ಕ."

"ಹಾಲಿಗೆ ಯಾರಾದ್ರೂ ಉಪ್ಪು ಹಾಕ್ತಾರಾ? ನಿಮಗೇನು ತಲೆ ಕೆಟ್ಟಿದ್ಯಾ? ಕುಡಿದು ನೋಡಿ."

"ನಾಲಿಗೆಗೆ ಗೊತ್ತಾಗಲ್ಲ. ಯಂತ್ರ ಸುಳ್ಳು ಹೇಳಲ್ಲ."

ಉಪ್ಪನ್ನು ಬೇರೆಯಾಗಿ ಪತ್ತೆಹಚ್ಚುವ ಔಷಧಿಯೂ ಇತ್ತು, ಆದರೆ ಅದರ ಬಾಟಲಿ ಖಾಲಿಯಾಗಿ ತಿಂಗಳುಗಳಾಗಿದ್ದವು. ರಿಜಿಸ್ಟರಿನಲ್ಲಿ ಮೊದಲ ತಪ್ಪು ಎಂದು ಬರೆದು ಸಹಿ ಹಾಕಿದ. ಅವಳ ಹಿಂದೆಯೇ ನಿಂತಿದ್ದ ಮೀಸೆ ಮಾವನ ಹಾಲು ಮೈನಸ್ 0.528. ಅಚ್ಚುಕಟ್ಟು. ಮೀಸೆ ಮಾವ ಕೊಳಾಯಿಯನ್ನೇ ಹಸು ಮಾಡಿಕೊಂಡವನೆಂದು ಊರಿಗೆಲ್ಲ ಗೊತ್ತಿತ್ತು.

ನಾಲ್ಕು ದಿನ ಅಕ್ಕ ಬರಲಿಲ್ಲ. ಇನ್ನೊಂದು ಸಲ ಅದೇ ಅಂಕಿ ಬಂದರೆ ಕಾರ್ಡು ಹೋಯಿತು, ಹಸುಗಳೂ ಹೋದ ಹಾಗೆಯೇ. ಐದನೆಯ ದಿನ ಕ್ಯಾನು ತಂದಳು. ಮೈನಸ್ 0.528.

"ನೋಡಿದ್ರಾ ಅಕ್ಕ, ಈಗ ಸರಿ ಹೋಯ್ತು," ಎಂದ ರ‍್ಯಾಂಕ್ ಸಾಹೇಬ, ಅವಳನ್ನು ದಾರಿಗೆ ತಂದ ಹೆಮ್ಮೆಯಲ್ಲಿ. ಅಕ್ಕ ಅವನ ಮುಖ ನೋಡಿ, ಖಾಲಿ ಕ್ಯಾನು ಎತ್ತಿಕೊಂಡು ಹೋದಳು. ಆಮೇಲೆ ಐದೂವರೆ ತಿಂಗಳು ಅವಳ ಅಂಕಿ ಒಂದು ದಿನವೂ ಕದಲಲಿಲ್ಲ.

ಮೇಲಿನವರು ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ ಮ್ಯಾನೇಜರ್ ಕಂಪನಿಯ ಬಾಟಲಿ ತರಿಸಿದರು. ಬೆಳಿಗ್ಗೆ ಅದರ ನೀರನ್ನು ಯಂತ್ರಕ್ಕಿಟ್ಟರೆ ಮೈನಸ್ 0.600 ಎಂದಿತು. ಚೀಟಿಯ ಮೇಲೆ 0.557 ಎಂದಿದೆ. ಬಾಟಲಿಯೇ ಕೆಟ್ಟಿದೆ ಎಂದುಕೊಂಡ ಸಾಹೇಬ. ಆದರೂ ತಪಾಸಣೆಯವರು ನೋಡುವುದು ಕಂಪನಿಯ ಚೀಟಿಯನ್ನೇ ತಾನೇ. ಬೈದುಕೊಂಡೇ ಯಂತ್ರವನ್ನು ಅದಕ್ಕೆ ಸರಿಮಾಡಿದ.

ಅವತ್ತು ಇಪ್ಪತ್ತು ಜನರಲ್ಲಿ ಹನ್ನೊಂದು ಜನರ ಹಾಲಿನಲ್ಲಿ ನೀರು. ಮೀಸೆ ಮಾವನದು ಮೈನಸ್ 0.490, ನೂರಕ್ಕೆ ಏಳೆಂಟು ಭಾಗ ನೀರು. ಅಕ್ಕನದೂ ಅಷ್ಟೇ. ಮಿಕ್ಕ ಹತ್ತು ಜನರಿಗೆ ಮೊದಲ ತಪ್ಪು, ಬರೀ ಎಚ್ಚರಿಕೆ. ಅಕ್ಕನಿಗೆ ಮಾತ್ರ ಎರಡನೆಯದು.

ಅವಳು ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಅವನು ಒಳಗೆ ಬಂದು, ಮೊದಲ ಸಲ, ಹೊಸ ಬಾಟಲಿಯ ಜೊತೆಗಿದ್ದ ಕಾಗದ ಓದಿದ. ಕಿಲೋ ನೀರಿಗೆ ಉಪ್ಪು ಒಂಬತ್ತು ಗ್ರಾಮಿನ ಮೇಲೆ ಚಿಲ್ಲರೆ. ತನ್ನದು ಎಂಟೂಮುಕ್ಕಾಲು. ಕಪಾಟಿನ ಪುಸ್ತಕ ತೆಗೆದ. ಅಲ್ಲಿ ಎಲ್ಲವೂ ಸಾದಾ ಅಕ್ಷರದಲ್ಲಿತ್ತು. ಉಪ್ಪು ಎರಡಾಗಿ ಒಡೆಯುವುದು ನಿಜ, ಆದರೆ ಒಡೆದವು ಸಂಬಂಧ ಹರಿದುಕೊಂಡು ಹೋಗುವುದಿಲ್ಲ. ಒಂದೊಂದು ಧನ ಅಯಾನಿನ ಸುತ್ತ ಋಣ ಅಯಾನುಗಳು ಸುಳಿಯುತ್ತವೆ, ಒಂದನ್ನೊಂದು ಎಳೆದುಕೊಂಡೇ ಇರುತ್ತವೆ. ಹಾಗಾಗಿ ಆ ಎರಡೂ ಸೇರಿ ಪೂರ್ತಿ ಎರಡರ ಕೆಲಸ ಮಾಡುವುದಿಲ್ಲ. ಈ ಹದದ ಉಪ್ಪುನೀರಿನಲ್ಲಿ ಸುಮಾರು ಒಂದು ಪಾಯಿಂಟ್ ಎಂಟು ಆರರಷ್ಟು ಮಾತ್ರ. ನೀರಿನಲ್ಲಿ ಉಪ್ಪು ಕಡಿಮೆಯಾದಷ್ಟೂ ಎರಡಕ್ಕೆ ಹತ್ತಿರ. ಕುದಿಯುವ ಬಿಂದು ಏರುವುದರಲ್ಲೂ ಇದೇ ಕತೆ, ಲೆಕ್ಕ ಹೇಳಿದಷ್ಟು ಏರದು.

ಅವನ ಉಪ್ಪುನೀರು ಗಡ್ಡೆಯಾಗುತ್ತಿದ್ದದ್ದು ಮೈನಸ್ 0.518ಕ್ಕೆ. ಅದನ್ನೇ 0.557 ಎಂದು ಯಂತ್ರಕ್ಕೆ ಪಾಠ ಹೇಳಿಕೊಟ್ಟಿದ್ದ. ಆರು ತಿಂಗಳು ಎಲ್ಲ ಅಂಕಿಯೂ ಇರುವುದಕ್ಕಿಂತ ಕೆಳಗೆ. ಕಾಗದದ ಮೇಲೆ ತಿರುಗಿ ಲೆಕ್ಕ ಹಾಕಿದ. ಅಕ್ಕನ ಆವತ್ತಿನ 0.571, ನಿಜವಾಗಿ 0.530. ಹನಿ ನೀರಿಲ್ಲದ, ಹರಳು ಉಪ್ಪಿಲ್ಲದ ಹಾಲು. ಮಿಕ್ಕವರೆಲ್ಲ ಹೆಚ್ಚೋ ಕಡಿಮೆಯೋ ನೀರು ಬೆರೆಸುತ್ತಿದ್ದರಿಂದಲೇ ಸಿಕ್ಕಿಬಿದ್ದಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಅವರು ದಡ್ಡರಲ್ಲ.

"ಅಂದ್ರೆ ಆರು ತಿಂಗಳು ನೀರು ಹಾಲನ್ನ ಊರಿಗೆ ಕುಡಿಸಿದ್ವಿ."

"ಹೌದು ಸಾರ್. ತಪ್ಪು ನಂದು. ಆದ್ರೆ ಆ ಅಕ್ಕಂದು ಮೊದಲನೇ ತಪ್ಪು ಹೊಡೆದುಹಾಕ್ಬೇಕು. ಅದು ತಪ್ಪೇ ಅಲ್ಲ."

"ಹೊಡೆದುಹಾಕಿ. ಆಮೇಲೆ ಯಾಕೆ ಅಂತ ಬರೀಬೇಕು. ಬರೆದ್ರೆ ಆರು ತಿಂಗಳ ರಿಜಿಸ್ಟರೆಲ್ಲ ಸುಳ್ಳು. ಪ್ರತಿ ಪುಟದಲ್ಲೂ ಸಹಿ ಯಾರದು?" ಅವರು ಪೆನ್ನನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು. "ಇವತ್ತು ನೀರು ಹಾಕಿರೋದಂತೂ ನಿಜ ತಾನೇ? ನಿಮ್ಮ ಯಂತ್ರ ಇವತ್ತು ಸರಿಯಾಗೇ ಇದೆಯಲ್ಲ."

ಮನೆಯಲ್ಲಿ ಮದುವೆಗೆ ನಿಂತ ತಂಗಿ ಇದ್ದಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇವೆಲ್ಲ ಎಲ್ಲರ ಮನೆಯಲ್ಲೂ ಇರುವಂಥವೇ, ಅಕ್ಕನ ಮನೆಯಲ್ಲೂ. ಅವನು ಸಹಿ ಹಾಕಿದ.

ಹೊರಗೆ ಬಂದು ಕಾರ್ಡು ಕೇಳಿದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ತೆಗೆದುಕೊಟ್ಟಳು. ಜಗಳವಾಡಲಿಲ್ಲ.

"ನೀರು ಹಾಕ್ತಿದ್ದೆ, ಇಲ್ಲ ಅನ್ನಲ್ಲ," ಎಂದಳು. "ನಿಮ್ಮ ಅಂಕಿ ಸರಿ ಬರೋಕೆ ಎಷ್ಟು ಹಾಕ್ಬೇಕು ಅಂತ ಆ ಮೀಸೆಯವನೇ ಹೇಳಿಕೊಟ್ಟ. ಕ್ಯಾನಿಗೆ ಮೂರು ಲೀಟರು. ಮೊದಲ ದಿನ ಹಾಕುವಾಗ ಅತ್ತುಬಿಟ್ಟೆ ಕಣಪ್ಪ. ನಮ್ಮತ್ತೆ ಕಾಲದಿಂದ ಆ ಕೊಟ್ಟಿಗೇಲಿ ಯಾರೂ ಹಾಗೆ ಮಾಡಿರ್ಲಿಲ್ಲ."

ಅವನು ಕಾರ್ಡನ್ನು ಜೇಬಿಗೆ ಹಾಕಿಕೊಂಡ.

"ಹಸು ಮಾರ್ತೀನಿ, ಅದಿರ್ಲಿ. ಒಂದು ಮಾತು ಹೇಳಿ. ನೀವು ಓದಿದೋರು. ಆವತ್ತು ಉಪ್ಪು ಅಂದ್ರಲ್ಲ, ಆವತ್ತಿನ ನನ್ನ ಹಾಲು ಸರಿಯಾಗಿತ್ತಾ?"

ಲ್ಯಾಬಿನ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು.

"ಇಲ್ಲ ಅಕ್ಕ," ಎಂದ ರ‍್ಯಾಂಕ್ ಸಾಹೇಬ. "ಸರಿ ಇರಲಿಲ್ಲ."

ಅಕ್ಕ ತಲೆಯಾಡಿಸಿದಳು. "ಹಾಗಾದ್ರೆ ನನ್ನ ಹಸುಗಳಲ್ಲೇ ಏನೋ ದೋಷ ಇರ್ಬೇಕು," ಎಂದು ಕ್ಯಾನಿನಲ್ಲಿದ್ದ ಹಾಲನ್ನು ಮೋರಿಗೆ ಚೆಲ್ಲಿ ಸೈಕಲ್ ತಳ್ಳಿಕೊಂಡು ಹೋದಳು.